ಗ್ರಂಥಾಲಯದ ಸರ್ವರ್‌ಗೆ ವಾರಕ್ಕೊಂದು ಗಂಟೆ

ಕರ್ನಾಟಕದ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ಗ್ರಂಥಪಾಲಕರ ಕೋಣೆಯ ಮೂಲೆಯಲ್ಲೋ, ಕೌಂಟರಿನ ಕೆಳಗೋ ಒಂದು ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಅದಕ್ಕೆ ಮಾನಿಟರ್ ಇರುವುದಿಲ್ಲ. ಒಳಗೆ ಉಬುಂಟು ಅಥವಾ ಡೆಬಿಯನ್, ಅದರ ಮೇಲೆ ಕೋಹಾ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಗಳಿಗಾಗಿ ತಯಾರಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಈ ಮುಕ್ತ ತಂತ್ರಾಂಶ ಇವತ್ತು ನಮ್ಮ ಕಾಲೇಜುಗಳಲ್ಲಿ ಪುಸ್ತಕ ಕೊಡುವ, ಪಡೆಯುವ, ಹುಡುಕುವ ಕೆಲಸವನ್ನೆಲ್ಲ ಮಾಡುತ್ತಿದೆ. ಈ ಕಂಪ್ಯೂಟರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಕಂಪ್ಯೂಟರ್ ಸೈನ್ಸ್ ಮೇಷ್ಟ್ರು, ಲ್ಯಾಬ್ ಸಹಾಯಕರು, ಕೆಲವೆಡೆ ಗ್ರಂಥಪಾಲಕರೇ. ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲದ ಕೆಲಸ ಅದು. ದೂರು ಬಂದಾಗ ನೋಡಿದರಾಯಿತು ಎಂಬುದೇ ಎಲ್ಲ ಕಡೆಯ ರೂಢಿ.

ಈ ರೂಢಿಯ ತೊಂದರೆ ಏನೆಂದರೆ, ಸರ್ವರನ್ನು ನಿಜವಾಗಿ ಕೆಡಿಸುವ ಸಂಗತಿಗಳು ದೂರು ಹುಟ್ಟಿಸುವುದೇ ಇಲ್ಲ. ಡಿಸ್ಕ್ ತುಂಬುತ್ತಿದೆ ಎಂದು ಯಾವ ವಿದ್ಯಾರ್ಥಿಯೂ ಬಂದು ಹೇಳುವುದಿಲ್ಲ. ಬ್ಯಾಕಪ್ ನಿಂತು ಮೂರು ತಿಂಗಳಾದರೂ ಪುಸ್ತಕಗಳು ಎಂದಿನಂತೆ ಹೋಗಿ ಬರುತ್ತಿರುತ್ತವೆ. ಹಾಗಾಗಿ ವಾರಕ್ಕೊಮ್ಮೆ ಮಾಡುವ ತಪಾಸಣೆಯ ಪಟ್ಟಿಗೆ ನಾನು ಒಂದೇ ಒಂದು ಷರತ್ತು ಹಾಕುತ್ತೇನೆ: ಅದರಲ್ಲಿ ಟಿಕ್ ಗುರುತಿಗೆ ಜಾಗ ಇರಬಾರದು. ಪ್ರತಿ ಸಾಲಿನ ಮುಂದೆ ಒಂದು ಅಂಕಿ ಇಲ್ಲವೇ ಒಂದು ದಿನಾಂಕ ಬರೆಯಬೇಕು. ಟಿಕ್ಕನ್ನು ನೋಡದೆಯೂ ಹಾಕಬಹುದು, ಅಂಕಿಯನ್ನು ಪರದೆ ನೋಡಿಯೇ ಬರೆಯಬೇಕು.

ದಿನ ಯಾವುದಿರಲಿ? ಮಂಗಳವಾರ ಬೆಳಿಗ್ಗೆ, ಕೌಂಟರ್ ತೆರೆಯುವ ಒಂದು ಗಂಟೆ ಮೊದಲು ಎಂಬುದು ನನ್ನ ಸಲಹೆ. ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮಾಡುವುದು ಅನುಕೂಲವೆನಿಸುತ್ತದೆ, ಆದರೆ ಅಂದು ಏನಾದರೂ ಕೆಟ್ಟರೆ ಸೋಮವಾರದ ತನಕ ಗೊತ್ತೇ ಆಗುವುದಿಲ್ಲ. ಮಂಗಳವಾರ ಮಾಡಿದರೆ ಮುಂದಿನ ನಾಲ್ಕು ದಿನ ನೀವು ಅಲ್ಲೇ ಇರುತ್ತೀರಿ. ಸೋಮವಾರದ ಗಲಾಟೆಯೂ ಮುಗಿದಿರುತ್ತದೆ. ಕೆಲಸದ ಅನುಕ್ರಮವೂ ಮುಖ್ಯ. ಡಿಸ್ಕ್, ಸರ್ವಿಸ್, ಅಪ್‌ಡೇಟ್, ಬ್ಯಾಕಪ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಬ್ಯಾಕಪ್ಪನ್ನು ಮುಂದಕ್ಕೆ ತಂದು ಅಪ್‌ಡೇಟನ್ನು ಕೊನೆಗೆ ತಳ್ಳುತ್ತೇನೆ. ನಾಲ್ಕರಲ್ಲಿ ಯಂತ್ರದ ಸ್ಥಿತಿಯನ್ನು ಬದಲಾಯಿಸುವುದು ಅಪ್‌ಡೇಟ್ ಒಂದೇ. ಅದಕ್ಕೆ ಕೈ ಹಾಕುವ ಮುನ್ನ ಹಿಂದಕ್ಕೆ ಹೋಗುವ ದಾರಿ ಇದೆಯೇ ಎಂದು ತಿಳಿದಿರಬೇಕು.

ಮೊದಲು ಡಿಸ್ಕ್. ಎರಡು ಆಜ್ಞೆ ಸಾಕು:

```
df -h /
df -i /
```

ಮೊದಲನೆಯದು ಜಾಗ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಎರಡನೆಯದು ಇನ್ನೆಷ್ಟು ಫೈಲ್ ಸೃಷ್ಟಿಸಲು ಅವಕಾಶವಿದೆ ಎಂದು ಹೇಳುತ್ತದೆ. ಲಕ್ಷಗಟ್ಟಲೆ ಪುಟ್ಟ ಫೈಲುಗಳು ಬಿದ್ದಿದ್ದರೆ ಜಾಗ ಇದ್ದೂ ಹೊಸ ಫೈಲ್ ಬರೆಯಲಾಗುವುದಿಲ್ಲ. ಹೀಗಾಗುವುದು ಅಪರೂಪ, ಆದರೆ ಆದಾಗ ತಲೆಬುಡ ತಿಳಿಯುವುದಿಲ್ಲ.

ಎಲ್ಲರೂ ನೋಡುವುದು ಶೇಕಡಾವಾರು ಅಂಕಿಯನ್ನು. ನೋಡಬೇಕಾದದ್ದು ಹೋದ ವಾರಕ್ಕೂ ಈ ವಾರಕ್ಕೂ ಇರುವ ವ್ಯತ್ಯಾಸವನ್ನು. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸರ್ವರಿನ ಮುಖ್ಯ ವಿಭಾಗ 98 ಜಿಬಿ. ಒಂದು ವಾರ ಬಳಕೆ 61 ಜಿಬಿ, ಮುಂದಿನ ವಾರ 62, ಅದರ ಮುಂದಿನದು 63. ನಾಲ್ಕನೇ ಮಂಗಳವಾರ 71. ಪರದೆಯ ಮೇಲೆ 68 ಪ್ರತಿಶತ ಇದ್ದದ್ದು 77 ಆಗಿದೆ, ಅಷ್ಟೇ. 90 ದಾಟಿದಾಗ ನೋಡೋಣ ಎನ್ನುವವರಿಗೆ ಇದು ಏನೂ ಅಲ್ಲ. ಆದರೆ ವಾರಕ್ಕೆ ಒಂದು ಜಿಬಿಯಂತೆ ಬೆಳೆಯುತ್ತಿದ್ದದ್ದು ಒಮ್ಮೆಗೇ ಎಂಟು ಜಿಬಿ ಬೆಳೆದಿದೆ. ಉಳಿದಿರುವುದು 22 ಜಿಬಿ. ಇದೇ ವೇಗದಲ್ಲಿ ಹೋದರೆ ಮೂರು ವಾರವೂ ಸಿಗುವುದಿಲ್ಲ, ಅಂದರೆ ನಿಮಗೆ ಇನ್ನು ಎರಡೇ ಮಂಗಳವಾರ ಬಾಕಿ. ತಪಾಸಣೆಯ ಪುಸ್ತಕದಲ್ಲಿ ಹಿಂದಿನ ವಾರದ ಅಂಕಿ ಬರೆದಿಟ್ಟಿರದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಇಲ್ಲೊಂದು ಲೆಕ್ಕ ಕೆಲವರನ್ನು ಗೊಂದಲಕ್ಕೆ ಕೆಡವುತ್ತದೆ. 71ಕ್ಕೆ 22 ಕೂಡಿಸಿದರೆ 93. ಉಳಿದ ಐದು ಜಿಬಿ ಎಲ್ಲಿ ಹೋಯಿತು? ಲಿನಕ್ಸಿನ ಎಕ್ಸ್ಟ್4 ಫೈಲ್ ವ್ಯವಸ್ಥೆ ಸುಮಾರು ಶೇಕಡಾ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದು ಕಾದಿರಿಸುತ್ತದೆ. ಡೇಟಾಬೇಸ್ ಓಡುವುದು ರೂಟ್ ಹೆಸರಿನಲ್ಲಲ್ಲ, `mysql` ಎಂಬ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ. ಹಾಗಾಗಿ ಜಾಗ ಮುಗಿದಾಗ ಮೊದಲು ಕೈಚೆಲ್ಲುವುದು ಡೇಟಾಬೇಸ್. ನೀವು ಮಾತ್ರ ರೂಟ್ ಆಗಿ ಒಳಹೋಗಿ ಫೈಲ್ ಬರೆದು ನೋಡಿ, ಡಿಸ್ಕ್ ಸರಿಯಾಗಿಯೇ ಇದೆಯಲ್ಲ ಎಂದುಕೊಳ್ಳುತ್ತೀರಿ. ಕೌಂಟರಿನಲ್ಲಿ ಕೂತವರಿಗೆ ಆಗ ಕಾಣುವುದು ಡಿಸ್ಕ್ ತುಂಬಿದೆ ಎಂಬ ಸಂದೇಶವಲ್ಲ. ಪುಟ ಸುಮ್ಮನೆ ತಿರುಗುತ್ತಿರುತ್ತದೆ, ಇಲ್ಲವೇ ಸಂಬಂಧವೇ ಇಲ್ಲದ ಇನ್ನೇನೋ ದೋಷ ತೋರಿಸುತ್ತದೆ.

ಎಂಟು ಜಿಬಿ ಎಲ್ಲಿ ಸೇರಿತು ಎಂದು ಹುಡುಕುವುದು ಹೀಗೆ:

```
sudo du -xh --max-depth=2 /var | sort -h | tail
```

ಕೋಹಾ ಸರ್ವರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರಗಳು ಕೆಲವೇ: `/var/log`, `/var/lib/mysql`, ಬ್ಯಾಕಪ್ ಇರುವ `/var/spool/koha`. ನಮ್ಮ ಉದಾಹರಣೆಯಲ್ಲಿ ತಪ್ಪಿತಸ್ಥ `/var/log/koha/library/plack-error.log` ಎಂದಿಟ್ಟುಕೊಳ್ಳಿ. `library` ಇರುವಲ್ಲಿ ನಿಮ್ಮ ಅಳವಡಿಕೆಯ ಹೆಸರು ಹಾಕಿಕೊಳ್ಳಿ. ಯಾವುದೋ ಒಂದು ಎಚ್ಚರಿಕೆಯ ಸಾಲು ಪ್ರತಿ ಪುಟಕ್ಕೂ ಅದರಲ್ಲಿ ಬರೆಯಲ್ಪಡುತ್ತಿದೆ. ತಕ್ಷಣದ ಪ್ರತಿಕ್ರಿಯೆ `rm` ಹೊಡೆಯುವುದು. ಹೊಡೆದ ಮೇಲೆ `df` ನೋಡಿದರೆ ಜಾಗ ಒಂದಿಷ್ಟೂ ಬಿಡುಗಡೆಯಾಗಿರುವುದಿಲ್ಲ. ಕಾರಣ, ಆ ಫೈಲನ್ನು ಕೋಹಾ ಇನ್ನೂ ತೆರೆದಿಟ್ಟುಕೊಂಡೇ ಇದೆ. ಹೆಸರು ಅಳಿದರೂ ಒಳಗಿನ ಮಾಹಿತಿ ಡಿಸ್ಕಿನಲ್ಲೇ ಇದ್ದು ಬೆಳೆಯುತ್ತಲೇ ಇರುತ್ತದೆ, ಈಗ ಅದು ಕಣ್ಣಿಗೂ ಕಾಣದು. `sudo lsof +L1` ಎಂದು ಕೊಟ್ಟರೆ ಹೀಗೆ ಅಳಿದೂ ತೆರೆದಿರುವ ಫೈಲುಗಳ ಪಟ್ಟಿ ಬರುತ್ತದೆ. ಮೊದಲೇ `truncate -s 0` ಬಳಸಿ ಫೈಲನ್ನು ಖಾಲಿ ಮಾಡಿದ್ದರೆ ಈ ಗೋಜಲು ಇರುತ್ತಿರಲಿಲ್ಲ. ಖಾಲಿ ಮಾಡುವ ಮೊದಲು ಕೊನೆಯ ಇಪ್ಪತ್ತು ಸಾಲು ಓದಿ, ಏಕೆ ತುಂಬಿತು ಎಂಬುದು ಅಲ್ಲೇ ಇರುತ್ತದೆ.

ಎರಡನೆಯದು ನಿಂತುಹೋದ ಸರ್ವಿಸ್‌ಗಳು.

```
systemctl --failed
```

ಈ ಆಜ್ಞೆಗೆ ಸೊನ್ನೆ ಎಂಬ ಉತ್ತರ ಬಂದರೆ ಹೆಚ್ಚಿನವರು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಈ ಸೊನ್ನೆಯನ್ನು ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಯಂತ್ರ ಒಮ್ಮೆ ರೀಬೂಟ್ ಆದರೆ ಹಿಂದಿನ ವೈಫಲ್ಯದ ಗುರುತುಗಳೆಲ್ಲ ಆ ಪಟ್ಟಿಯಿಂದ ಅಳಿದುಹೋಗುತ್ತವೆ. ಭಾನುವಾರ ಕರೆಂಟು ಹೋಗಿ ಯುಪಿಎಸ್ ಸೋತು ಯಂತ್ರ ಮತ್ತೆ ಎದ್ದಿದ್ದರೆ, ಶನಿವಾರ ಏನಾಗಿತ್ತು ಎಂಬುದು ಈ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೇ `uptime` ಕೊಟ್ಟು ಯಂತ್ರ ಎದ್ದು ಎಷ್ಟು ದಿನವಾಯಿತು ಎಂದೂ ಬರೆದುಕೊಳ್ಳಬೇಕು. ನೀವು ರೀಬೂಟ್ ಮಾಡದೇ ಆ ಅಂಕಿ ಏಳಕ್ಕಿಂತ ಕಡಿಮೆ ಇದ್ದರೆ ನಡುವೆ ಏನೋ ನಡೆದಿದೆ.

ಇನ್ನೊಂದು ಬಲೆ ತನ್ನಷ್ಟಕ್ಕೆ ಮತ್ತೆ ಏಳುವ ಸರ್ವಿಸ್‌ಗಳದ್ದು. ಸಿಸ್ಟಂಡಿಯ ಮಾಮೂಲಿ ನಿಯಮದ ಪ್ರಕಾರ ಒಂದು ಸರ್ವಿಸ್ ಹತ್ತು ಸೆಕೆಂಡಿನಲ್ಲಿ ಐದಕ್ಕಿಂತ ಹೆಚ್ಚು ಸಲ ಏಳಲು ಯತ್ನಿಸಿದರೆ ಅದನ್ನು ಕೈಬಿಟ್ಟು ವಿಫಲ ಎಂದು ಗುರುತು ಹಾಕಲಾಗುತ್ತದೆ. ಆದರೆ ಬಿದ್ದ ಮೇಲೆ ಐದು ಸೆಕೆಂಡ್ ತಡೆದು ಏಳು ಎಂದು ಅದಕ್ಕೆ ಹೇಳಿಟ್ಟಿದ್ದರೆ? ಹತ್ತು ಸೆಕೆಂಡಿನಲ್ಲಿ ಎರಡು ಸಲ ಮಾತ್ರ ಏಳುತ್ತದೆ, ಮಿತಿಯನ್ನು ಎಂದೂ ಮುಟ್ಟುವುದಿಲ್ಲ. ಬೀಳುವುದು, ಏಳುವುದು, ಮತ್ತೆ ಬೀಳುವುದು ವಾರಗಟ್ಟಲೆ ನಡೆದರೂ ವಿಫಲರ ಪಟ್ಟಿಯಲ್ಲಿ ಅದರ ಹೆಸರು ಬರುವುದಿಲ್ಲ. ಗ್ರಂಥಾಲಯದವರು ಮಾತ್ರ ಆಗಾಗ ಸಿಸ್ಟಮ್ ಸ್ಲೋ ಆಗುತ್ತದೆ ಸಾರ್ ಎನ್ನುತ್ತಿರುತ್ತಾರೆ. ಎಷ್ಟು ಸಲ ತಾನಾಗಿ ಎದ್ದಿದೆ ಎಂಬ ಲೆಕ್ಕ ಹೀಗೆ ಸಿಗುತ್ತದೆ:

```
systemctl show -p NRestarts mariadb apache2
```

ಸೊನ್ನೆ ಅಲ್ಲದ ಅಂಕಿ ಬಂದರೆ `journalctl -u mariadb --since "7 days ago"` ಓದಬೇಕು. ಜೊತೆಗೆ `journalctl -k` ಕೊಟ್ಟು ಅದರಲ್ಲಿ `Out of memory` ಎಂಬ ಸಾಲು ಇದೆಯೇ ಹುಡುಕಿ. ನಾಲ್ಕು ಜಿಬಿ ಮೆಮೊರಿಯ ಹಳೆಯ ಯಂತ್ರದಲ್ಲಿ ಡೇಟಾಬೇಸ್ ಬೀಳಲು ಎಷ್ಟೋ ಸಲ ಇದೇ ಕಾರಣ. ಮೆಮೊರಿ ಸಾಲದಾದಾಗ ಕರ್ನೆಲ್ ಹೆಚ್ಚು ಜಾಗ ಹಿಡಿದವನನ್ನು ಹುಡುಕಿ ಕೊಲ್ಲುತ್ತದೆ, ಅಲ್ಲಿ ಹೆಚ್ಚು ಹಿಡಿದಿರುವುದು ಸಾಮಾನ್ಯವಾಗಿ ಡೇಟಾಬೇಸೇ.

ಕೋಹಾದ್ದೇ ಆದ ಒಂದು ವಿಷಯ ಇದೆ. ಹೊಸ ಪುಸ್ತಕದ ವಿವರ ದಾಖಲಿಸಿದಾಗ ಅದು ಡೇಟಾಬೇಸಿಗೆ ಹೋಗುತ್ತದೆ. ಹುಡುಕುವಾಗ ನೋಡುವುದು ಮಾತ್ರ ಝೀಬ್ರಾ ಎಂಬ ಬೇರೆ ಸೂಚಿಯನ್ನು. ಎರಡರ ನಡುವೆ ಓಡಾಡಿ ಸೂಚಿಯನ್ನು ಹೊಸದಾಗಿಡುವ ಒಂದು ಕೆಲಸಗಾರ ಹಿನ್ನೆಲೆಯಲ್ಲಿ ಇರುತ್ತಾನೆ. ಅವನು ನಿಂತರೂ ಕೋಹಾ ಎಂಬ ಒಟ್ಟು ಸರ್ವಿಸ್ ಹಸಿರು ಬಣ್ಣದಲ್ಲೇ ಇರುತ್ತದೆ. ಹಳೆಯ ಪುಸ್ತಕಗಳೆಲ್ಲ ಸಿಗುತ್ತವೆ, ಬಾರ್‌ಕೋಡ್ ಓದಿಸಿದರೆ ಪುಸ್ತಕ ಹೋಗುತ್ತದೆ, ಹೊಸದಾಗಿ ಬಂದದ್ದು ಮಾತ್ರ ಹುಡುಕಿದರೆ ಸಿಗುವುದಿಲ್ಲ. ಸಿಗಲಿಲ್ಲ ಎಂದು ವಿದ್ಯಾರ್ಥಿ ದೂರು ಕೊಡುವುದಿಲ್ಲ, ಪುಸ್ತಕವೇ ಇಲ್ಲ ಎಂದು ಹೊರಟುಹೋಗುತ್ತಾನೆ. ಇದನ್ನು ಕಂಡುಹಿಡಿಯಲು ಆಜ್ಞೆಗಿಂತ ಒಳ್ಳೆಯ ದಾರಿ ಇದೆ. ಹೋದ ವಾರ ಕೊನೆಯದಾಗಿ ದಾಖಲಿಸಿದ ಪುಸ್ತಕ ಯಾವುದು ಎಂದು ಗ್ರಂಥಪಾಲಕರನ್ನು ಕೇಳಿ, ಅದರ ಹೆಸರನ್ನು ವಿದ್ಯಾರ್ಥಿಗಳು ಬಳಸುವ ಪುಟದಲ್ಲಿ ಹುಡುಕಿ. ಸಿಗದಿದ್ದರೆ `sudo koha-indexer --restart library` ಕೊಟ್ಟು, ಆಗಲೂ ಸಿಗದಿದ್ದರೆ ಸೂಚಿಯನ್ನು ಪೂರ್ತಿ ಮರಳಿ ಕಟ್ಟಬೇಕು. ಯಾವ ಸರ್ವಿಸ್ ಓಡುತ್ತಿದೆ ಎನ್ನುವುದಕ್ಕಿಂತ ಅದು ಮಾಡಬೇಕಾದ ಕೆಲಸ ಆಗಿದೆಯೇ ಎಂದು ನೋಡುವುದೇ ಸರಿಯಾದ ಪರೀಕ್ಷೆ.

ಇನ್ನು ಬ್ಯಾಕಪ್. ಗಂಟೆಯ ಅರ್ಧಭಾಗ ಇದಕ್ಕೇ ಮೀಸಲಿಡಬೇಕು ಎಂದು ನಾನು ಹೇಳುವುದಕ್ಕೆ 2017ರ ಜನವರಿ 31ರಂದು ನಡೆದ ಒಂದು ಘಟನೆ ಕಾರಣ. ಲಕ್ಷಾಂತರ ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ತಡರಾತ್ರಿ ಒಂದು ತೊಂದರೆ ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ತಪ್ಪು ಯಂತ್ರದ ಮೇಲೆ ಡೇಟಾಬೇಸ್ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ಹುಡುಕಿದರೆ ಅದು ಇರಬೇಕಾದ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿ, ಬ್ಯಾಕಪ್ ತೆಗೆಯುವ ಸಾಧನ ಓಡುತ್ತಿದ್ದದ್ದು 9.2. ಆವೃತ್ತಿ ಹೊಂದದೆ ಪ್ರತಿ ಸಲವೂ ಅದು ಸೋಲುತ್ತಿತ್ತು. ಸೋತೆ ಎಂದು ಮೇಲ್ ಕಳಿಸುವ ಏರ್ಪಾಡೂ ಇತ್ತು, ಆ ಮೇಲ್‌ಗಳನ್ನು ಸ್ವೀಕರಿಸುವ ಸರ್ವರ್ ತಿರಸ್ಕರಿಸುತ್ತಿತ್ತು. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ನಕಲೊಂದು ಅವರನ್ನು ಉಳಿಸಿತು. ನಡುವಿನ ಆರು ಗಂಟೆಯ ಮಾಹಿತಿ ಮಾತ್ರ ಮರಳಲಿಲ್ಲ. ಸಂಸ್ಥೆ ಇದನ್ನೆಲ್ಲ ತಾನೇ ಬಹಿರಂಗವಾಗಿ ಬರೆದು ಪ್ರಕಟಿಸಿತು. ವೈಫಲ್ಯದ ಸುದ್ದಿ ಬರಲಿ ಎಂದು ಕಾಯುವ ಏರ್ಪಾಡು ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಇನ್ನೊಂದು ನನಗೆ ಗೊತ್ತಿಲ್ಲ.

ಕೋಹಾ ಸಾಮಾನ್ಯ ಅಳವಡಿಕೆಯಲ್ಲಿ ಪ್ರತಿದಿನ ತಾನೇ ಬ್ಯಾಕಪ್ ತೆಗೆಯುತ್ತದೆ. `/var/spool/koha/library` ಒಳಗೆ ದಿನಾಂಕದ ಹೆಸರಿನ ಎರಡು ಫೈಲ್ ಬೀಳುತ್ತವೆ, ಒಂದು ಡೇಟಾಬೇಸಿನದು, ಇನ್ನೊಂದು ಸಂರಚನೆಯದು. ಇದನ್ನು ನೋಡಿ ನೆಮ್ಮದಿಯಾಗಿರುವವರು ಎರಡು ವಿಷಯ ಗಮನಿಸಿರುವುದಿಲ್ಲ. ಬ್ಯಾಕಪ್ ಬೀಳುವುದು ಅದೇ ಡಿಸ್ಕಿನ ಮೇಲೆ. ಉಳಿಸಿಕೊಳ್ಳುವುದು ಎರಡು ದಿನದ್ದು ಮಾತ್ರ. ಶುಕ್ರವಾರ ಯಾರೋ ಒಂದು ತರಗತಿಯ ಸದಸ್ಯರನ್ನೆಲ್ಲ ತಪ್ಪಾಗಿ ಅಳಿಸಿದರು, ಗೊತ್ತಾದದ್ದು ಮಂಗಳವಾರ ಎಂದರೆ, ಅಷ್ಟರಲ್ಲಿ ಇರುವ ಎರಡು ಬ್ಯಾಕಪ್ಪಿನಲ್ಲೂ ಆ ಸದಸ್ಯರು ಇರುವುದಿಲ್ಲ. ವಾರಕ್ಕೊಮ್ಮೆ ನೋಡುವವರಿಗೆ ಎರಡು ದಿನದ ಬ್ಯಾಕಪ್ ಇಲ್ಲದಂತೆಯೇ. ಕನಿಷ್ಠ ಹದಿನಾಲ್ಕು ದಿನದ್ದು ಇರಲಿ, ಅದೂ ಬೇರೆ ಯಂತ್ರದ ಡಿಸ್ಕಿನಲ್ಲಿ. ಆ ಇನ್ನೊಂದು ಯಂತ್ರವೇ ಬಂದು ಎಳೆದುಕೊಂಡು ಹೋಗುವಂತೆ ಮಾಡಿದರೆ ಇನ್ನೂ ಒಳ್ಳೆಯದು, ಆಗ ಸರ್ವರಿಗೆ ಯಾರಾದರೂ ನುಗ್ಗಿದರೂ ಅಲ್ಲಿಂದ ನಕಲಿನ ಮೇಲೆ ಕೈಯಿಡಲಾಗದು. `rsync` ಬಳಸುವಾಗ `--delete` ಹಾಕಬೇಡಿ. ಹಾಕಿದರೆ ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ, ಮತ್ತೆ ಅದೇ ಎರಡು ದಿನಕ್ಕೆ ಬಂದು ನಿಲ್ಲುತ್ತೀರಿ. ಬ್ಯಾಕಪ್ಪಿನಲ್ಲಿ ವಿದ್ಯಾರ್ಥಿಗಳ ವಿಳಾಸ, ಫೋನ್ ನಂಬರ್ ಇರುತ್ತವೆ ಎಂಬುದನ್ನು ಮರೆತು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ತಿರುಗುವುದೂ ಬೇಡ.

ಪರಿಶೀಲನೆಗೆ ಬರೋಣ. ಫೈಲ್ ಇದೆ ಎಂದರೆ ಬ್ಯಾಕಪ್ ಇದೆ ಎಂದಲ್ಲ. ಡೇಟಾಬೇಸಿನಿಂದ ಹೊರಬಂದ ಸಾಲುಗಳನ್ನು ಒತ್ತಿ ಚಿಕ್ಕದಾಗಿಸಲು `gzip`ಗೆ ದಾಟಿಸುತ್ತಾರೆ. ಡೇಟಾಬೇಸ್ ಪಾಸ್‌ವರ್ಡ್ ತಪ್ಪಾಗಿ ಮೊದಲ ಭಾಗ ಸೋತರೂ ಎರಡನೆಯ ಭಾಗ ತನಗೆ ಬಂದ ಶೂನ್ಯವನ್ನೇ ಶ್ರದ್ಧೆಯಿಂದ ಒತ್ತಿ, 20 ಬೈಟಿನ ಒಂದು ಫೈಲ್ ಮಾಡಿ, ಯಶಸ್ವಿಯಾಯಿತು ಎಂದು ವರದಿ ಕೊಡುತ್ತದೆ. `gzip -t` ಕೊಟ್ಟು ಪರೀಕ್ಷಿಸಿದರೂ ಅದು ದೋಷವಿಲ್ಲದ ಫೈಲೇ. ಸ್ವಂತ ಸ್ಕ್ರಿಪ್ಟ್ ಬರೆದಿರುವವರು ಮೇಲ್ಭಾಗದಲ್ಲಿ `set -o pipefail` ಹಾಕಿದ್ದೀರಾ ನೋಡಿಕೊಳ್ಳಿ. ಹಾಕಿರಲಿ ಬಿಡಲಿ, ವಾರಕ್ಕೊಮ್ಮೆ ಕಣ್ಣಾರೆ ನೋಡಬೇಕಾದದ್ದು ಇದು:

```
cd /var/spool/koha/library
ls -lh *.sql.gz
zcat library-2025-06-10.sql.gz | tail -n 1
```

ಗಾತ್ರ ಹೋದ ವಾರಕ್ಕಿಂತ ಕೊಂಚ ದೊಡ್ಡದಿರಬೇಕು, ಗ್ರಂಥಾಲಯದ ಮಾಹಿತಿ ಕಡಿಮೆಯಾಗುವುದು ಅಪರೂಪ. ಗಾತ್ರ ದಿಢೀರನೆ ಅರ್ಧವಾಗಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಅದನ್ನೇ ಹಿಡಿಯಿರಿ. ಕೊನೆಯ ಸಾಲು `-- Dump completed on` ಎಂದು ಆರಂಭವಾಗಿ ದಿನಾಂಕ, ಸಮಯ ತೋರಿಸಬೇಕು. ಆ ಸಾಲನ್ನು ಡಂಪ್ ತೆಗೆಯುವ ಸಾಧನ ಕೆಲಸ ಪೂರ್ತಿ ಮುಗಿದ ಮೇಲಷ್ಟೇ ಬರೆಯುತ್ತದೆ. ನಡುವೆ ಡಿಸ್ಕ್ ತುಂಬಿ ನಿಂತಿದ್ದರೆ, ಡೇಟಾಬೇಸ್ ಬಿದ್ದಿದ್ದರೆ ಆ ಸಾಲು ಇರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಬರೆಯಬೇಕಾದದ್ದು ಆ ಸಾಲಿನ ದಿನಾಂಕವನ್ನು, ಫೈಲಿನ ಹೆಸರಿನಲ್ಲಿರುವುದನ್ನಲ್ಲ.

ಇಷ್ಟಾದರೂ ಬ್ಯಾಕಪ್ ಪೂರ್ತಿಯಾಗಿದೆ ಎಂದು ತಿಳಿಯಿತೇ ಹೊರತು ಅದರಿಂದ ಗ್ರಂಥಾಲಯ ಮತ್ತೆ ಎದ್ದೀತೇ ಎಂಬುದು ತಿಳಿಯಲಿಲ್ಲ. ಅದಕ್ಕೆ ಮರುಸ್ಥಾಪನೆ ಮಾಡಿಯೇ ನೋಡಬೇಕು. ಪ್ರತಿ ವಾರ ಬೇಡ, ತಿಂಗಳ ಮೊದಲ ಮಂಗಳವಾರ ಸಾಕು. ಎಲ್ಲಿ ಮಾಡುತ್ತೀರಿ ಎಂಬುದರಲ್ಲಿ ಒಂದು ದೊಡ್ಡ ಅಪಾಯ ಇದೆ. ಮೊದಲು ಇದನ್ನು ಕೊಟ್ಟು ನೋಡಿ:

```
zcat library-2025-06-10.sql.gz | grep -m 2 -E '^(CREATE DATABASE|USE)'
```

`USE` ಎಂಬ ಸಾಲು ಕಂಡರೆ ಆ ಡಂಪ್ ತಾನು ಯಾವ ಡೇಟಾಬೇಸಿಗೆ ಸೇರಬೇಕು ಎಂಬ ಹೆಸರನ್ನು ಒಳಗೇ ಹೊತ್ತಿದೆ. ಪರೀಕ್ಷೆಗೆಂದು ಬೇರೆ ಹೆಸರಿನ ಡೇಟಾಬೇಸ್ ತೆರೆದು ಅದಕ್ಕೆ ಸುರಿದರೂ ಅದು ಆ ಹೆಸರನ್ನು ಲೆಕ್ಕಿಸದೆ ನೇರ ಮೂಲ ಡೇಟಾಬೇಸಿಗೇ ಹೋಗಿ, ಅಲ್ಲಿನ ಕೋಷ್ಟಕಗಳನ್ನು ಅಳಿಸಿ ಹಳೆಯದನ್ನು ಬರೆಯುತ್ತದೆ. ಪರೀಕ್ಷೆ ಮಾಡಲು ಹೋಗಿ ಬೆಳಗಿನಿಂದ ಕೊಟ್ಟ ಪುಸ್ತಕಗಳ ಲೆಕ್ಕವನ್ನೆಲ್ಲ ಕಳೆದುಕೊಳ್ಳುವುದು ಹೀಗೆ. ಆದ್ದರಿಂದ ಮರುಸ್ಥಾಪನೆಯ ಪರೀಕ್ಷೆ ಓಡುತ್ತಿರುವ ಸರ್ವರಿನ ಮೇಲೆ ಬೇಡವೇ ಬೇಡ. ಲ್ಯಾಬಿನ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಮರಿಯಾಡಿಬಿ ಹಾಕಿ ಅಲ್ಲಿ ಮಾಡಿ. ಅದರ ಆವೃತ್ತಿ ಸರ್ವರಿನದಕ್ಕೆ ಹೊಂದುವಂತಿರಲಿ. 2024ರ ಮೇ ತಿಂಗಳಿನಿಂದೀಚಿನ ಮರಿಯಾಡಿಬಿ ಆವೃತ್ತಿಗಳು ಡಂಪಿನ ಮೊದಲ ಸಾಲಿನಲ್ಲಿ ಒಂದು ಸುರಕ್ಷಾ ಸೂಚನೆ ಬರೆಯುತ್ತವೆ. ಹಳೆಯ ಆವೃತ್ತಿಗೆ ಅದು ಅರ್ಥವಾಗದೆ `Unknown command '\-'` ಎಂದು ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ. ಆ ಸಾಲನ್ನು ತೆಗೆದರೆ ಮುಂದೆ ಹೋಗುತ್ತದೆ. ಆದರೆ ಈ ಸಂದೇಶವನ್ನು ಮೊದಲ ಸಲ ನೋಡುವುದು ಸರ್ವರ್ ಸತ್ತ ದಿನ, ಪ್ರಾಂಶುಪಾಲರು ಬೆನ್ನ ಹಿಂದೆ ನಿಂತಿರುವಾಗ ಆಗಬಾರದು.

ಮರುಸ್ಥಾಪನೆ ಆದ ಮೇಲೆ ಎರಡು ಪ್ರಶ್ನೆ ಕೇಳಿ:

```
SELECT COUNT(*) FROM items;
SELECT MAX(issuedate) FROM issues;
```

ಮೊದಲನೆಯದು ಒಟ್ಟು ಪ್ರತಿಗಳೆಷ್ಟು ಎಂದು ಹೇಳುತ್ತದೆ. ಗ್ರಂಥಪಾಲಕರ ಬಳಿ ಇರುವ ಸಂಖ್ಯೆಗೆ ಅದು ತಾಳೆಯಾಗಬೇಕು. ಎರಡನೆಯದು ಈಗ ಹೊರಗಿರುವ ಪುಸ್ತಕಗಳಲ್ಲಿ ಕೊನೆಯದನ್ನು ಯಾವಾಗ ಕೊಟ್ಟದ್ದು ಎಂದು ಹೇಳುತ್ತದೆ. ಬ್ಯಾಕಪ್ ಮಂಗಳವಾರದ್ದಾಗಿ ಉತ್ತರ ಸೋಮವಾರ ಸಂಜೆಯದಾದರೆ ಸರಿ. ಮೂರು ತಿಂಗಳ ಹಿಂದಿನದಾದರೆ, ಸರ್ವರ್ ಬದಲಾಯಿಸಿದಾಗ ಹಳೆಯ ಯಂತ್ರದ ಬ್ಯಾಕಪ್ಪೇ ಇಲ್ಲಿಗೆ ಬರುತ್ತಿದೆಯೇನೋ ನೋಡಿ. ಮರುಸ್ಥಾಪನೆಗೆ ಎಷ್ಟು ನಿಮಿಷ ಹಿಡಿಯಿತು ಎಂದೂ ಬರೆದಿಡಿ, ಯಾವಾಗ ಸರಿಹೋಗುತ್ತದೆ ಎಂದು ಕೇಳಿದ ದಿನ ಹೇಳಲು ನಿಮ್ಮ ಬಳಿ ಒಂದು ಉತ್ತರವಿರುತ್ತದೆ.

ಕೊನೆಗೆ ಅಪ್‌ಡೇಟ್. ಉಬುಂಟು ಸರ್ವರಿನಲ್ಲಿ ಸುರಕ್ಷತೆಗೆ ಸಂಬಂಧಿಸಿದವು ಸಾಮಾನ್ಯವಾಗಿ ತಾವಾಗಿಯೇ ಅಳವಡುತ್ತವೆ, ಹಾಗಾಗಿ ನಿಮ್ಮ ಕೆಲಸ ಅವು ನಿಜಕ್ಕೂ ಅಳವಟ್ಟಿವೆಯೇ ಎಂದು ನೋಡುವುದು.

```
sudo apt update
apt list --upgradable
cat /var/run/reboot-required.pkgs
```

ಮೊದಲ ಆಜ್ಞೆ ಚೆಲ್ಲುವ ಸಾಲುಗಳನ್ನು ಯಾರೂ ಓದುವುದಿಲ್ಲ. ಓದಬೇಕಾದದ್ದು ಅದನ್ನೇ. `W:` ಅಥವಾ `Err:` ಎಂದು ಶುರುವಾಗುವ ಸಾಲಿದ್ದರೆ ಯಾವುದೋ ಒಂದು ಮೂಲದಿಂದ ಪಟ್ಟಿ ಬರುತ್ತಿಲ್ಲ. ಕೋಹಾ ತನ್ನದೇ ಭಂಡಾರದಿಂದ ಬರುತ್ತದೆ. ಅದರ ಸಹಿಯ ಕೀಲಿ ಅವಧಿ ಮುಗಿದಿದ್ದರೆ ವ್ಯವಸ್ಥೆ ಒಂದು ಎಚ್ಚರಿಕೆ ಕೊಟ್ಟು, ಹಳೆಯ ಪಟ್ಟಿಯನ್ನೇ ಇಟ್ಟುಕೊಂಡು ಮುಂದೆ ಹೋಗುತ್ತದೆ. ಆಮೇಲೆ ಎರಡನೇ ಆಜ್ಞೆ ಕೋಹಾಗೆ ಯಾವ ಅಪ್‌ಡೇಟೂ ಬಾಕಿ ಇಲ್ಲ ಎಂದು ಹೇಳುತ್ತದೆ, ತನಗೆ ಗೊತ್ತಿರುವ ಮಟ್ಟಿಗೆ ಅದು ನಿಜವೂ ಹೌದು.

ಬಾಕಿ ಸೊನ್ನೆ ಎಂಬ ಉತ್ತರ ಇನ್ನೂ ದೊಡ್ಡ ಸುಳ್ಳಾಗುವುದು ಆವೃತ್ತಿಯ ಆಯುಷ್ಯ ಮುಗಿದಾಗ. ಉಬುಂಟು 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ನಿಂತಿತು. ಪ್ರತ್ಯೇಕವಾಗಿ ವಿಸ್ತರಿತ ಬೆಂಬಲ ಪಡೆಯದ ಯಂತ್ರಗಳಲ್ಲಿ ಅಂದಿನಿಂದ ವಾರ ವಾರವೂ ಬಾಕಿ ಸೊನ್ನೆ. ಲೋಪಗಳು ಪತ್ತೆಯಾಗುತ್ತಲೇ ಇವೆ, ತೇಪೆ ಬರುವುದು ನಿಂತಿದೆ, ಪರದೆ ಮಾತ್ರ ನಿರಾಳವಾಗಿದೆ. ಪುಸ್ತಕದ ಮೊದಲ ಪುಟದಲ್ಲೇ ನಿಮ್ಮ ಆವೃತ್ತಿಯ ಕೊನೆಯ ವರ್ಷ ಬರೆದಿಡಿ: 22.04ಕ್ಕೆ 2027, 24.04ಕ್ಕೆ 2029.

ಮೂರನೇ ಆಜ್ಞೆಗೆ ಅಂಥ ಫೈಲೇ ಇಲ್ಲ ಎಂದು ಉತ್ತರ ಬಂದರೆ ರೀಬೂಟ್ ಅಗತ್ಯವಿಲ್ಲ. ಹೆಸರುಗಳು ಬಂದರೆ, ಸಾಮಾನ್ಯವಾಗಿ ಹೊಸ ಕರ್ನೆಲ್ ಡಿಸ್ಕಿನಲ್ಲಿದೆ, ಓಡುತ್ತಿರುವುದು ಹಳೆಯದು ಎಂದರ್ಥ. ನಮ್ಮ ಸರ್ವರ್ ನಾನೂರು ದಿನದಿಂದ ರೀಬೂಟ್ ಆಗಿಲ್ಲ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರ ಕರ್ನೆಲ್ ಸಾಮಾನ್ಯವಾಗಿ ಅಷ್ಟೇ ದಿನ ಹಳೆಯದು. ಬ್ಯಾಕಪ್ ನೋಡಿಯಾಗಿದೆ, ಕೌಂಟರ್ ಇನ್ನೂ ತೆರೆದಿಲ್ಲ, ರೀಬೂಟ್ ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎದ್ದ ಮೇಲೆ `systemctl --failed` ಇನ್ನೊಮ್ಮೆ ಕೊಟ್ಟು, ಒಂದು ಪುಸ್ತಕ ಹುಡುಕಿ ನೋಡಿ. ಕೋಹಾದ ದೊಡ್ಡ ಆವೃತ್ತಿಗಳನ್ನು ಮಾತ್ರ ಈ ಗಂಟೆಯೊಳಗೆ ತುರುಕಬೇಡಿ. ಅವು ವರ್ಷಕ್ಕೆರಡು ಸಲ, ಮೇ ಮತ್ತು ನವೆಂಬರಿನಲ್ಲಿ ಬರುತ್ತವೆ, ಡೇಟಾಬೇಸಿನ ರಚನೆಯನ್ನೇ ಬದಲಿಸುತ್ತವೆ. ಅದಕ್ಕೆ ರಜೆಯ ಒಂದು ದಿನ ಪೂರ್ತಿ ಬೇಕು, ಆ ಹಳೆಯ ಡೆಸ್ಕ್‌ಟಾಪಿನಲ್ಲಿ ಮೊದಲು ಮಾಡಿ ನೋಡಿರಬೇಕು.

ಇಷ್ಟನ್ನೂ ಬರೆಯಲು ನೂರು ಪುಟದ ಒಂದು ರೂಲ್ ಪುಸ್ತಕ ಸಾಕು. ದಿನಾಂಕ, ಬಳಸಿದ ಜಿಬಿ, ಎದ್ದು ಎಷ್ಟು ದಿನ, ಮರುಚಾಲನೆಯ ಸಂಖ್ಯೆ, ಡಂಪ್ ಮುಗಿದ ದಿನಾಂಕ ಮತ್ತು ಗಾತ್ರ, ಬಾಕಿ ಅಪ್‌ಡೇಟ್, ಕೊನೆಗೆ ಸಹಿ. ಪುಸ್ತಕ ಸರ್ವರಿನೊಳಗೆ ಫೈಲಾಗಿ ಇರಬಾರದು, ಸರ್ವರ್ ಬಿದ್ದಾಗಲೇ ಅದು ಬೇಕಾಗುವುದು. ಗ್ರಂಥಪಾಲಕರ ಮೇಜಿನ ಮೇಲಿದ್ದರೆ ನೀವು ರಜೆ ಹಾಕಿದ ವಾರ ಇನ್ನೊಬ್ಬರು ಅದೇ ಸಾಲಿನಲ್ಲಿ ಬರೆಯಬಹುದು.

ಕಾಲೇಜಿನ ಪ್ರಾಂಶುಪಾಲರಲ್ಲೂ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ಸರ್ವರ್ ನೋಡಿಕೊಳ್ಳುವ ಮೇಷ್ಟ್ರ ವೇಳಾಪಟ್ಟಿಯಲ್ಲಿ ಮಂಗಳವಾರದ ಮೊದಲ ಪಿರಿಯಡನ್ನು ಖಾಲಿ ಬಿಡಿ, ಅದು ಅವರ ಕಾರ್ಯಭಾರದ ಲೆಕ್ಕದಲ್ಲಿ ಸೇರಲಿ. ಬ್ಯಾಕಪ್ಪಿಗೆಂದು ಇನ್ನೊಂದು ಡಿಸ್ಕ್ ಕೊಡಿಸಿ. ತಿಂಗಳಿಗೊಮ್ಮೆ ಆ ಪುಸ್ತಕ ತರಿಸಿಕೊಂಡು, ಮರುಸ್ಥಾಪನೆಯ ದಿನಾಂಕದ ಪಕ್ಕ ನಿಮ್ಮ ಸಹಿಯನ್ನೂ ಹಾಕಿ.